ಅಳತೆಗೆ ಕತ್ತರಿಸಿದ ವಾಕ್ಯಗಳು

(ಪದವಿ ಕಾಲೇಜುಗಳ ಅಧ್ಯಾಪಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದಿನ ಮಾತು. ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ನೋಡುತ್ತಾ ಕೂತಿದ್ದೆ. ಒಂದು ಹುಡುಗಿಯ ವರದಿ ಕೈಗೆ ಬಂತು. ಹಾಲಿನ ಸಹಕಾರ ಸಂಘಗಳ ಬಗ್ಗೆ, ಇಂಗ್ಲಿಷಿನಲ್ಲಿ ಬರೆದದ್ದು. ಮೊದಲ ಪುಟ ಓದಿ ಮುಗಿಸುವಷ್ಟರಲ್ಲಿ ಇದು ಇವಳು ಬರೆದದ್ದಲ್ಲ, ಚಾಟ್‌ಜಿಪಿಟಿಯಂಥ ಎಐ ಯಂತ್ರ ಬರೆದದ್ದು ಅನ್ನಿಸಿತು. ವ್ಯಾಕರಣದ ತಪ್ಪು ಇರಲಿಲ್ಲ. ವಾಕ್ಯಗಳೆಲ್ಲ ಒಂದೇ ಉದ್ದ. ಪೆನ್ಸಿಲ್ ಹಿಡಿದು ಎಣಿಸಿದೆ. ಆ ಪುಟದ ಹದಿನಾಲ್ಕು ವಾಕ್ಯಗಳಲ್ಲಿ ಒಂದೂ ಹನ್ನೆರಡು ಪದಕ್ಕಿಂತ ಕಡಿಮೆ ಇರಲಿಲ್ಲ, ಒಂದೂ ಹದಿನೈದನ್ನು ದಾಟಿರಲಿಲ್ಲ. ನಾಲ್ಕು ಪುಟದ ಮೊದಲ ಅಧ್ಯಾಯದಲ್ಲಿ 'ಮೋರೋವರ್' ಎಂಬ ಪದ ಹನ್ನೊಂದು ಸಲ ಬಂದಿತ್ತು, ಹನ್ನೊಂದೂ ಸಲ ವಾಕ್ಯದ ಶುರುವಿನಲ್ಲೇ. ನಾನು ಅವಳ ಆಂತರಿಕ ಅಂಕವನ್ನು ತಡೆಹಿಡಿದೆ. ಅವಳನ್ನು ಒಂದು ಮಾತು ಕೇಳದೆ ತಡೆಹಿಡಿದೆ.

ಆ ವರದಿ ಯಾರು ಬರೆದದ್ದು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು, ನನಗೆ ಹಾಗೆ ಯಾಕೆ ಅನ್ನಿಸಿತು ಎಂಬುದನ್ನು ನೋಡೋಣ. ಆ ಅನ್ನಿಸಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೆ ಕಾರಣ ಇದೆ.

ನಿಮ್ಮ ಮುಂದೆ ಎರಡು ತುಣುಕು ಓದುತ್ತೇನೆ. ಎರಡೂ ಕೆರೆಯ ಬಗ್ಗೆ.

ಮೊದಲನೆಯದು: "ಕೆರೆಗಳು ನಮ್ಮ ಗ್ರಾಮೀಣ ಬದುಕಿನ ಅತ್ಯಂತ ಪ್ರಮುಖ ಆಧಾರಗಳಾಗಿವೆ. ಅವು ಅಂತರ್ಜಲದ ಮಟ್ಟವನ್ನು ಕಾಪಾಡುವಲ್ಲಿ ಮಹತ್ವದ ಪಾತ್ರ ವಹಿಸುತ್ತವೆ. ಇದಲ್ಲದೆ, ಕೆರೆಗಳು ಜಾನುವಾರುಗಳಿಗೆ ಮತ್ತು ಪಕ್ಷಿಗಳಿಗೆ ನೀರನ್ನು ಒದಗಿಸುತ್ತವೆ. ಆದರೆ, ಇತ್ತೀಚಿನ ವರ್ಷಗಳಲ್ಲಿ ನಗರಗಳ ಅನೇಕ ಕೆರೆಗಳು ಒತ್ತುವರಿಗೆ ಒಳಗಾಗಿವೆ. ಇದರ ಪರಿಣಾಮವಾಗಿ, ಬೇಸಿಗೆಯಲ್ಲಿ ನೀರಿನ ಕೊರತೆ ತೀವ್ರವಾಗುತ್ತಿದೆ. ಆದ್ದರಿಂದ, ಕೆರೆಗಳ ಸಂರಕ್ಷಣೆಯು ನಮ್ಮೆಲ್ಲರ ಸಾಮೂಹಿಕ ಜವಾಬ್ದಾರಿಯಾಗಿದೆ."

ಎರಡನೆಯದು: "ನಮ್ಮೂರ ಕೆರೆ ಈ ಸಲ ಕೋಡಿ ಬಿತ್ತು. ಹದಿನೇಳು ವರ್ಷವಾಗಿತ್ತು. ತೂಬಿನ ಹತ್ತಿರ ಅಜ್ಜಿ ಕಟ್ಟಿಸಿದ್ದ ಕಲ್ಲಿನ ಮೆಟ್ಟಿಲು ಇನ್ನೂ ಇದೆಯೋ ಇಲ್ಲವೋ ನೋಡೋಣ ಅಂತ ಮಳೆ ನಿಂತ ಮಾರನೇ ದಿನವೇ ಅಪ್ಪ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಏರಿಯ ಮೇಲೆ ಹೊರಟರು. ಮೆಟ್ಟಿಲು ಕಾಣಲಿಲ್ಲ. ನೀರಿನೊಳಗೆ ಮುಳುಗಿದೆ ಅಂದರು ಅಪ್ಪ, ಆದರೆ ಅವರ ಮುಖದಲ್ಲಿ ಬೇಸರವೇ ಇರಲಿಲ್ಲ."

ಮೊದಲನೆಯದನ್ನು ಯಂತ್ರ ಬರೆದಿದೆ ಅನ್ನುವವರು ಕೈ ಎತ್ತಿ ಅಂದರೆ ಈ ಸಭೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. ಎರಡರಲ್ಲೂ ಸರಿಯಾಗಿ ನಲವತ್ತೊಂದು ಪದಗಳಿವೆ. ಮೊದಲನೆಯದರ ಆರು ವಾಕ್ಯಗಳ ಉದ್ದ 7, 7, 7, 8, 6, 6. ಎರಡನೆಯದರ ಐದು ವಾಕ್ಯಗಳ ಉದ್ದ 6, 2, 22, 2, 9. ಮೊದಲನೆಯದರಲ್ಲಿ ಅತಿ ಚಿಕ್ಕ ವಾಕ್ಯಕ್ಕೂ ಅತಿ ದೊಡ್ಡದಕ್ಕೂ ಎರಡೇ ಪದದ ಅಂತರ, ಎರಡನೆಯದರಲ್ಲಿ ಇಪ್ಪತ್ತು ಪದದ್ದು. ಮೊದಲನೆಯದರ ಆರರಲ್ಲಿ ನಾಲ್ಕು ವಾಕ್ಯ 'ಇದಲ್ಲದೆ', 'ಆದ್ದರಿಂದ' ಥರದ ಕೊಂಡಿಪದದಿಂದ ಶುರುವಾಗುತ್ತವೆ. ಎರಡನೆಯದರಲ್ಲಿ ಒಂದೂ ಇಲ್ಲ. ಇರುವ ಒಂದು 'ಆದರೆ' ವಾಕ್ಯದ ನಡುವೆ ಕೂತಿದೆ.

ನಿಮ್ಮ ಕಿವಿ ಹಿಡಿದದ್ದು ಇದನ್ನೇ. ಎಣಿಸದೆಯೇ ಹಿಡಿಯಿತು.

ಯಂತ್ರ ಹೀಗೆ ಯಾಕೆ ಬರೆಯುತ್ತದೆ? ಭಾಷಾ ಮಾದರಿ, ಅಂದರೆ ಈ ಬರೆಯುವ ಯಂತ್ರ, ಒಂದೊಂದು ಹೆಜ್ಜೆಯಲ್ಲೂ ಮುಂದಿನ ಪದ, ನಿಖರವಾಗಿ ಹೇಳಬೇಕೆಂದರೆ ಪದದ ತುಣುಕು, ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಅದರಿಂದ ಆಯ್ದುಕೊಳ್ಳುತ್ತದೆ. ಆ ಲೆಕ್ಕಕ್ಕೆ ಆಧಾರ ಅದು ಓದಿರುವ ರಾಶಿ ರಾಶಿ ಬರಹ. ವಿವರಣೆಯ ಗದ್ಯದಲ್ಲಿ ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಜಾಗ ಇದೆಯಲ್ಲ, ಅಲ್ಲಿ ಸಾವಿರ ದಾರಿಗಳಿವೆ. 'ಇದಲ್ಲದೆ' ಎಂಬುದು ಹೆಚ್ಚು ಜನ ತುಳಿದ ದಾರಿ, ಎಲ್ಲಿಗೂ ಒಗ್ಗುತ್ತದೆ. ಅದರ ಮೇಲೆ ಇನ್ನೊಂದು ಹಂತವಿದೆ. ಮಾದರಿ ಕೊಟ್ಟ ಉತ್ತರಗಳನ್ನು ಜನರ ಮುಂದಿಟ್ಟು, ಯಾವುದು ಚೆನ್ನಾಗಿದೆ ಎಂದು ಅವರಿಂದ ಹೇಳಿಸಿ, ಆ ಆಯ್ಕೆಗೆ ತಕ್ಕಂತೆ ಮಾದರಿಯನ್ನು ತಿದ್ದುತ್ತಾರೆ. ಅಚ್ಚುಕಟ್ಟಾದ, ಪೂರ್ತಿಯಾದ, ಕ್ರಮವಾಗಿ ಸಾಗುವ ಉತ್ತರವನ್ನು ಜನ ಮೆಚ್ಚುತ್ತಾರೆ. ಎರಡು ಪದದ ವಾಕ್ಯವನ್ನೋ ಉಸಿರು ಕಟ್ಟಿಸುವ ಉದ್ದದ ವಾಕ್ಯವನ್ನೋ ಹಾಗೆ ಮೆಚ್ಚುವವರು ಕಡಿಮೆ. ಹೀಗಾಗಿ ಎರಡು ತುದಿಗಳೂ ಸವೆದು ನಡುವಿನದು ಉಳಿಯುತ್ತದೆ.

ಕನ್ನಡದ ಮಟ್ಟಿಗೆ ಇನ್ನೊಂದು ಕಾರಣ ಸೇರಿಕೊಂಡಿದೆ. ಜಾಲದಲ್ಲಿರುವ ಕನ್ನಡ ಬರಹ ಇಂಗ್ಲಿಷಿನ ಮುಂದೆ ಬಹಳ ಕಡಿಮೆ. ಇರುವುದರಲ್ಲೂ ಅನುವಾದದ ಗದ್ಯ ತುಂಬಾ ಇದೆ. 'ಹೆಚ್ಚುವರಿಯಾಗಿ' ಎಂದು ವಾಕ್ಯ ಶುರು ಮಾಡುವ ಅಭ್ಯಾಸ ನಮ್ಮ ಬಾಯಿಮಾತಿನದಲ್ಲ. ಮನೆಯಲ್ಲಿ ಯಾರೂ "ಹೆಚ್ಚುವರಿಯಾಗಿ, ಸಾರು ಬಿಸಿ ಮಾಡು" ಅನ್ನುವುದಿಲ್ಲ. ಅದು ಇಂಗ್ಲಿಷ್ ವಾಕ್ಯದ ತಲೆಯ ಮೇಲಿದ್ದ ಪದಕ್ಕೆ ಕನ್ನಡದ ಟೋಪಿ ತೊಡಿಸಿದ್ದು. ಯಂತ್ರದ ಕನ್ನಡದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ ಎಂಬುದು ನಿಜ. ಆದರೆ ಯಂತ್ರ ಅದನ್ನು ಕಲಿತದ್ದು ಮನುಷ್ಯರ ಬರಹದಿಂದ. ನಿಗಮ ಮಂಡಳಿಗಳ ಪ್ರಕಟಣೆ, ಬ್ಯಾಂಕಿನ ಸುತ್ತೋಲೆ, ಔಷಧದ ಡಬ್ಬಿಯೊಳಗಿನ ಚೀಟಿ ಇವನ್ನೆಲ್ಲ ಅನುವಾದ ಮಾಡಿದವರು ನಮ್ಮ ನಿಮ್ಮಂಥವರೇ.

2023ರ ಜನವರಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವರ್ಡ್ ಟಿಯಾನ್ ಯಂತ್ರದ ಬರಹವನ್ನು ಗುರುತಿಸುವ ಜಿಪಿಟಿ-ಝೀರೋ ಎಂಬ ಪತ್ತೆ ಸಾಧನವನ್ನು ಹೊರತಂದಾಗ ಅದು ಮುಖ್ಯವಾಗಿ ನೋಡುತ್ತಿದ್ದದ್ದು ಎರಡನ್ನು. ಒಂದು 'ಪರ್ಪ್ಲೆಕ್ಸಿಟಿ', ಅಂದರೆ ಮುಂದಿನ ಪದ ಎಷ್ಟು ಅಚ್ಚರಿ ಹುಟ್ಟಿಸುತ್ತದೆ ಎಂಬ ಅಳತೆ. ಇನ್ನೊಂದು 'ಬರ್ಸ್ಟಿನೆಸ್', ಅಂದರೆ ವಾಕ್ಯದಿಂದ ವಾಕ್ಯಕ್ಕೆ ಆ ಅಚ್ಚರಿಯಲ್ಲಿ ಎಷ್ಟು ಏರಿಳಿತ ಇದೆ ಎಂಬುದು. ನಾನು ಪೆನ್ಸಿಲ್ ಹಿಡಿದು ಮಾಡಿದ್ದು ಅದೇ ಜಾತಿಯ ಕೆಲಸ, ಬಹಳ ಒರಟಾಗಿ.

ಈಗ ಕೆರೆಯ ತುಣುಕುಗಳಿಗೆ ವಾಪಸ್ ಬರೋಣ. ಎರಡನ್ನೂ ಬರೆದದ್ದು ನಾನು. ನಿನ್ನೆ ರಾತ್ರಿ, ಈ ಮಾತಿಗೋಸ್ಕರ. ಮೊದಲನೆಯದಕ್ಕೆ ನನಗೆ ನಾಲ್ಕು ನಿಮಿಷ ಸಾಕಾಯಿತು, ಯಾಕೆಂದರೆ ಅಂಥದ್ದನ್ನು ಹೈಸ್ಕೂಲಿನಲ್ಲಿ ನೂರು ಸಲ ಬರೆದಿದ್ದೇನೆ. ನೀವೂ ಬರೆದಿದ್ದೀರಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಚಿಕ್ಕ ವಾಕ್ಯ ಬರೆ, ತಪ್ಪಾಗುವುದಿಲ್ಲ. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧ ತೋರಿಸು, ಅಂಕ ಸಿಗುತ್ತದೆ. ನಮಗೆ ಪ್ರಬಂಧ ಕಲಿಸಿದ ರೀತಿ ಅದು, ನಾವು ಕಲಿಸುತ್ತಿರುವುದೂ ಹೆಚ್ಚಾಗಿ ಹಾಗೆಯೇ.

ಇನ್ನೊಂದು ಸಣ್ಣ ಪ್ರಯೋಗ ಮಾಡೋಣ. ಮೊದಲ ತುಣುಕಿನ ಮೊದಲ ಮೂರು ವಾಕ್ಯಗಳನ್ನು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಸೇರಿಸುತ್ತೇನೆ: "ಕೆರೆಗಳು ನಮ್ಮ ಗ್ರಾಮೀಣ ಬದುಕಿನ ಅತ್ಯಂತ ಪ್ರಮುಖ ಆಧಾರಗಳಾಗಿದ್ದು, ಅಂತರ್ಜಲದ ಮಟ್ಟವನ್ನು ಕಾಪಾಡುವುದರ ಜೊತೆಗೆ ಜಾನುವಾರುಗಳಿಗೂ ಪಕ್ಷಿಗಳಿಗೂ ನೀರು ಒದಗಿಸುತ್ತವೆ." ಹದಿನೈದು ಪದ. ಈಗ ವಾಕ್ಯಗಳ ಉದ್ದ 15, 8, 6, 6. 'ಇದಲ್ಲದೆ' ಹೋಯಿತು. 'ಮತ್ತು' ಎಂಬುದೂ ಹೋಗಿ ಎರಡು ಊಕಾರಗಳಾದವು. ಒಂದೇ ಕಡೆ ಕೈ ಹಾಕಿದ್ದಕ್ಕೆ ಸಮತೆಯೂ ಮುರಿಯಿತು, ಒಂದು ಕೊಂಡಿಯೂ ಕಳಚಿತು. ಬರೆದವನು ಬದಲಾಗಲಿಲ್ಲ, ವಿಷಯ ಬದಲಾಗಲಿಲ್ಲ. ಇಷ್ಟು ಸುಲಭವಾಗಿ ಅಲುಗಾಡುವ ಸಂಖ್ಯೆಯ ಮೇಲೆ ಒಬ್ಬರ ಪ್ರಾಮಾಣಿಕತೆಯನ್ನು ನಿಲ್ಲಿಸುವುದು ಹೇಗೆ? ಇದೇ ತಿದ್ದುಪಡಿಯನ್ನು ಯಂತ್ರದಿಂದ ಬರೆಸಿದವನೂ ಎರಡು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಹಾಗಾಗಿ ಏರಿಳಿತ ಇದೆ ಎಂಬುದೂ ಯಾರನ್ನೂ ಖುಲಾಸೆ ಮಾಡುವುದಿಲ್ಲ.

ಕನ್ನಡದಲ್ಲಿ ಈ ಎಣಿಕೆಗೆ ಮತ್ತೊಂದು ತೊಡಕಿದೆ. ಪದ ಎಂದರೆ ಏನು? 'ಕರೆದುಕೊಂಡು' ಎಂದು ಸೇರಿಸಿ ಬರೆದರೆ ಒಂದು, 'ಕರೆದು ಕೊಂಡು' ಎಂದು ಬಿಡಿಸಿದರೆ ಎರಡು. 'ಬಂದುಬಿಟ್ಟಿದ್ದಾನೆ' ಎಂಬ ಒಂದೇ ಪದ ಇಂಗ್ಲಿಷಿನ ನಾಲ್ಕೈದು ಪದದ ಕೆಲಸ ಮಾಡುತ್ತದೆ. ಹಾಗೆಯೇ 'ಎದ್ದು', 'ತಿಂದು', 'ಹೊರಟು' ಎಂದು ಕ್ರಿಯೆಗಳನ್ನು ಪೋಣಿಸುತ್ತಾ ಹೋದರೆ ಅರ್ಧ ಪುಟವನ್ನೇ ಒಂದು ವಾಕ್ಯ ಮಾಡಬಹುದು. ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದದ್ದು ಹೀಗೇ. ಕೊಂಡಿಪದದ ಅಗತ್ಯವೇ ಬೀಳುತ್ತಿರಲಿಲ್ಲ, ಕ್ರಿಯಾಪದದ ಬಾಲವೇ ಕೊಂಡಿ. ಆದ್ದರಿಂದ ಇಂಗ್ಲಿಷಿಗಾಗಿ ಹೊಂದಿಸಿದ ಮಿತಿಗಳನ್ನು ಕನ್ನಡದ ಮೇಲೆ ಹೇರಿದರೆ ಬರುವ ಸಂಖ್ಯೆಗೆ ಏನು ಅರ್ಥ ಎಂದು ಯಾರೂ ಖಚಿತವಾಗಿ ಹೇಳಲಾರರು.

ವಾಕ್ಯದ ಉದ್ದದಿಂದ ಬರೆದವರನ್ನು ಹಿಡಿಯುವ ಯತ್ನ ಹೊಸದೇನೂ ಅಲ್ಲ. ನನಗೆ ಬಹಳ ಇಷ್ಟವಾದ ಒಂದು ಪ್ರಕರಣ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1787-88ರಲ್ಲಿ ಅಮೆರಿಕದ ಹೊಸ ಸಂವಿಧಾನವನ್ನು ಬೆಂಬಲಿಸಿ 'ಪಬ್ಲಿಯಸ್' ಎಂಬ ಗುಪ್ತನಾಮದಲ್ಲಿ ಎಂಬತ್ತೈದು ಲೇಖನಗಳು ಬಂದವು. ಬರೆದವರು ಮೂವರು: ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಜಾನ್ ಜೇ. ಅವುಗಳಲ್ಲಿ ಹನ್ನೆರಡು ಲೇಖನಗಳು ಹ್ಯಾಮಿಲ್ಟನ್‌ನದೋ ಮ್ಯಾಡಿಸನ್‌ನದೋ ಎಂಬ ಜಗಳ ನೂರೈವತ್ತು ವರ್ಷ ಕಳೆದರೂ ಬಗೆಹರಿದಿರಲಿಲ್ಲ. 1941ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್ ಮತ್ತು ಅವರ ಜೊತೆಗಾರ ಫ್ರೆಡರಿಕ್ ವಿಲಿಯಮ್ಸ್ ಇದನ್ನು ಲೆಕ್ಕದಿಂದ ಬಿಡಿಸಲು ಹೊರಟರು. ಯಾರು ಬರೆದದ್ದೆಂದು ಖಚಿತವಾಗಿ ಗೊತ್ತಿದ್ದ ಲೇಖನಗಳನ್ನು ತೆಗೆದುಕೊಂಡು ಪ್ರತಿ ವಾಕ್ಯದ ಪದಗಳನ್ನು ಕೈಯಿಂದಲೇ ಎಣಿಸಿದರು. ಎಷ್ಟು ಬೇಸರದ ಕೆಲಸ ಎಂದು ಉತ್ತರ ಪತ್ರಿಕೆ ತಿದ್ದುವ ನಿಮಗೆ ಗೊತ್ತು.

ಫಲಿತಾಂಶ ಬಂತು. ಹ್ಯಾಮಿಲ್ಟನ್‌ನ ವಾಕ್ಯದ ಸರಾಸರಿ ಉದ್ದ 34.55 ಪದ. ಮ್ಯಾಡಿಸನ್‌ನದು 34.59.

ಏರಿಳಿತವಾದರೂ ಬೇರೆ ಇರಬಹುದು ಎಂದು ಅದನ್ನೂ ನೋಡಿದರು. ಸರಾಸರಿಯಿಂದ ವಾಕ್ಯಗಳು ಎಷ್ಟು ಚದುರಿವೆ ಎಂಬ ಅಳತೆ ಒಬ್ಬನದು 19.2, ಇನ್ನೊಬ್ಬನದು 20.3. ಇಬ್ಬರೂ ಒಂದೇ ಕಾಲದವರು, ಒಂದೇ ಬಗೆಯ ಓದಿನವರು, ಒಂದೇ ಪತ್ರಿಕಾ ಶೈಲಿಯಲ್ಲಿ ಬರೆದವರು. ಶೈಲಿ ಅವರಿಗೆ ಹೇಳಿಕೊಟ್ಟದ್ದು, ಅವರು ಹಾಕಿಕೊಂಡ ಅಂಗಿ. ಉದ್ದ ಅಂಗಿಯ ಅಳತೆಯನ್ನು ಹೇಳಿತು, ಒಳಗಿರುವ ಮನುಷ್ಯ ಯಾರೆಂದು ಹೇಳಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಮೋಸ್ಟೆಲರ್ ಮತ್ತು ಡೇವಿಡ್ ವಾಲೇಸ್ ಸೇರಿ ಸಣ್ಣ ಪದಗಳ ಬೆನ್ನು ಹತ್ತಿದರು. ನಾವು ಗಮನವೇ ಕೊಡದೆ ಬಳಸುವ ಪದಗಳು. ಹ್ಯಾಮಿಲ್ಟನ್ 'ವೈಲ್' ಅನ್ನುವ ಕಡೆ ಮ್ಯಾಡಿಸನ್ 'ವೈಲ್‌ಸ್ಟ್' ಅನ್ನುತ್ತಿದ್ದ. 'ಅಪಾನ್' ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಕ್ಕೆ ಮೂರು ಸಲದಷ್ಟು ಬಳಸಿದರೆ, ಮ್ಯಾಡಿಸನ್ ನಾಲ್ಕೈದು ಸಾವಿರ ಪದಕ್ಕೆ ಒಮ್ಮೆ. ಇಂಥ ಹಲವು ಪದಗಳ ಲೆಕ್ಕವನ್ನು ಒಟ್ಟುಗೂಡಿಸಿ 1964ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಆ ಹನ್ನೆರಡೂ ಮ್ಯಾಡಿಸನ್‌ನವು ಎಂಬ ತೀರ್ಮಾನಕ್ಕೆ ಬಂದರು.

ಇಲ್ಲಿ ಕೆಲವರು ಹೇಳುತ್ತಾರೆ, ನೋಡಿ, ಕೊಂಡಿಪದಗಳು ಕೆಲಸ ಮಾಡಿದವಲ್ಲ, ಹಾಗಾದರೆ 'ಇದಲ್ಲದೆ' ಎಣಿಸಿ ಯಂತ್ರವನ್ನು ಹಿಡಿಯಬಹುದಲ್ಲ ಅಂತ. ಆ ಕೆಲಸ ಯಶಸ್ವಿಯಾದದ್ದು ಯಾವ ಅನುಕೂಲಗಳಿಂದ ಎಂಬುದನ್ನು ನೋಡಬೇಕು. ಸಂಶಯಕ್ಕೆ ಒಳಗಾದವರು ಇಬ್ಬರೇ, ಇಬ್ಬರಲ್ಲಿ ಒಬ್ಬರು ಎಂಬುದು ಮೊದಲೇ ಖಚಿತ. ಇಬ್ಬರೂ ಬರೆದದ್ದೇ ಎಂದು ಗೊತ್ತಿರುವ ಹತ್ತಾರು ಸಾವಿರ ಪದ ಹೋಲಿಕೆಗೆ ಸಿಕ್ಕಿತ್ತು. ಲೇಖನಗಳು ಒಂದೇ ವಿಷಯದವು, ಒಂದೇ ಓದುಗರಿಗಾಗಿ ಬರೆದವು. ಅದರ ಮೇಲೆ, ಸುಮಾರು ಎರಡು ಶತಮಾನ ಆದಮೇಲೆ ಯಾರೋ ತಮ್ಮ 'ಅಪಾನ್'ಗಳನ್ನು ಎಣಿಸುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಮರೆಮಾಚುವ ಪ್ರಯತ್ನವೂ ಇಲ್ಲ. ನಮ್ಮ ಮೇಜಿನ ಮೇಲೆ ಇರುವುದು ಏನು? ಒಬ್ಬ ವಿದ್ಯಾರ್ಥಿಯ ಒಂದು ವರದಿ. ಅವನದೇ ಎಂದು ಖಚಿತವಾಗಿ ಗೊತ್ತಿರುವ ಬೇರೆ ಬರಹ ಇದೆಯೇ ಅಂದರೆ, ಬಹುಪಾಲು ಇಲ್ಲ. ಇನ್ನೊಂದು ಕಡೆ ಇರುವ 'ಯಂತ್ರ' ಎಂಬುದು ಒಬ್ಬ ಲೇಖಕನೂ ಅಲ್ಲ. ಕೇಳಿದ ಹಾಗೆ ದನಿ ಬದಲಿಸುತ್ತದೆ, ಹೊಸ ಆವೃತ್ತಿ ಬಂದ ಹಾಗೆಲ್ಲ ಚಾಳಿಯೂ ಬದಲಾಗುತ್ತದೆ.

ಹಾಗಾದರೆ ಎರಡು ಲಕ್ಷಣಗಳೂ ಒಟ್ಟಿಗೆ ಕಂಡರೆ? ಉದ್ದವೂ ಸಮ, ಕೊಂಡಿಯೂ ಪದೇ ಪದೇ. ಎರಡು ಸಾಕ್ಷಿ ಸಿಕ್ಕಿತಲ್ಲ ಎಂದು ಅನ್ನಿಸುತ್ತದೆ. ನನಗೂ ಆ ದಿನ ಹಾಗೆಯೇ ಅನ್ನಿಸಿದ್ದು, ಮತ್ತು ನನ್ನ ತಪ್ಪಿನ ಬೇರು ಇದೇ ಎಂದು ಈಗ ತಿಳಿದಿದೆ. ಇವು ಎರಡು ಸಾಕ್ಷಿಗಳಲ್ಲ. ಒಂದೇ ಅಭ್ಯಾಸದ ಎರಡು ಗುರುತುಗಳು. ವಾಕ್ಯವನ್ನು ಚಿಕ್ಕದಾಗಿ ಕತ್ತರಿಸಿಕೊಂಡವರಿಗೆ ಆ ತುಂಡುಗಳನ್ನು ಜೋಡಿಸಲು ಕೊಂಡಿ ಬೇಕಾಗುತ್ತದೆ. ಕೊಂಡಿ ಹಾಕಿಯೇ ಶುರು ಮಾಡಬೇಕೆಂದು ಕಲಿತವರಿಗೆ ಒಂದು ವಾಕ್ಯದಲ್ಲಿ ಒಂದೇ ವಿಚಾರ ಹೇಳಿ ಮುಗಿಸುವ ರೂಢಿ ಬರುತ್ತದೆ. ಒಂದಿದ್ದರೆ ಇನ್ನೊಂದು ತಾನಾಗಿ ಇರುತ್ತದೆ, ಬರೆದದ್ದು ಯಂತ್ರವಾಗಲಿ ಮನುಷ್ಯನಾಗಲಿ. ಒಂದೇ ಮನೆಯ ಅಣ್ಣತಮ್ಮಂದಿರು ಬಂದು ಒಂದೇ ಮಾತು ಹೇಳಿದರೆ ನ್ಯಾಯಾಲಯ ಅದನ್ನು ಎರಡು ಸ್ವತಂತ್ರ ಸಾಕ್ಷಿ ಎಂದು ತೂಗುವುದಿಲ್ಲ.

ಈಗ ಲೆಕ್ಕದ ಮಾತು, ಒಂದೇ ಒಂದು. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಸಂಸ್ಥೆ 2023ರ ಜನವರಿ ಕೊನೆಯಲ್ಲಿ ತನ್ನದೇ ಪತ್ತೆ ಸಾಧನವೊಂದನ್ನು ಬಿಡುಗಡೆ ಮಾಡಿತು. ಇಂಗ್ಲಿಷ್ ಬರಹಗಳ ಮೇಲೆ ತಾನು ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಸಂಸ್ಥೆಯೇ ಹೇಳಿತ್ತು: ಯಂತ್ರದ ಬರಹಗಳಲ್ಲಿ ಶೇ. 26ರಷ್ಟನ್ನು ಅದು ಹಿಡಿಯುತ್ತದೆ, ಮನುಷ್ಯರ ಬರಹಗಳಲ್ಲಿ ಶೇ. 9ರಷ್ಟನ್ನು ತಪ್ಪಾಗಿ ಯಂತ್ರದ್ದು ಅನ್ನುತ್ತದೆ. ಶೇ. 9 ಕೇಳಲು ಚಿಕ್ಕದು. ಇನ್ನೂರು ವರದಿ ಬಂದಿವೆ, ಅದರಲ್ಲಿ ನಲವತ್ತು ನಿಜಕ್ಕೂ ಯಂತ್ರದಿಂದ ಬರೆಸಿದವು ಅಂದುಕೊಳ್ಳಿ. ನಲವತ್ತರಲ್ಲಿ ಶೇ. 26 ಎಂದರೆ ಹತ್ತು ಸಿಕ್ಕಿಬೀಳುತ್ತವೆ. ಉಳಿದ ನೂರ ಅರವತ್ತು ಪ್ರಾಮಾಣಿಕ ವರದಿಗಳಲ್ಲಿ ಶೇ. 9 ಎಂದರೆ ಹದಿನಾಲ್ಕು. ನಿಮ್ಮ ಕೊಠಡಿಯ ಹೊರಗೆ ಇಪ್ಪತ್ತನಾಲ್ಕು ಜನ ನಿಂತಿದ್ದಾರೆ, ಹದಿನಾಲ್ಕು ಮಂದಿ ಏನೂ ತಪ್ಪು ಮಾಡದವರು. ಯಂತ್ರದಿಂದ ಬರೆಸಿದ ಮೂವತ್ತು ಮಂದಿ ಕ್ಯಾಂಟೀನಿನಲ್ಲಿದ್ದಾರೆ. ನಿಖರತೆ ಕಡಿಮೆ ಎಂಬ ಕಾರಣ ಕೊಟ್ಟು ಸಂಸ್ಥೆ ಅದೇ ಜುಲೈನಲ್ಲಿ ಆ ಸಾಧನವನ್ನು ಹಿಂತೆಗೆದುಕೊಂಡಿತು. ಆಮೇಲೆ ಬಂದ ಸಾಧನಗಳು ಅದಕ್ಕಿಂತ ಉತ್ತಮ ಇರಬಹುದು, ಲೆಕ್ಕದ ರೀತಿ ಮಾತ್ರ ಅದೇ. ಪ್ರಾಮಾಣಿಕರ ಸಂಖ್ಯೆ ದೊಡ್ಡದಿದ್ದಾಗ ಚಿಕ್ಕ ಶೇಕಡಾವಾರು ತಪ್ಪು ಕೂಡ ತಲೆಗಳಾಗಿ ಎದುರು ನಿಲ್ಲುತ್ತದೆ.

ಆ ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ನಮಗೆ, ಇಂಗ್ಲಿಷನ್ನು ಎರಡನೆಯದೋ ಮೂರನೆಯದೋ ಭಾಷೆಯಾಗಿ ಕಲಿತ ನಾಡಿನವರಿಗೆ, ಇದು ತುಂಬಾ ಹತ್ತಿರದ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಇಂಗ್ಲಿಷ್ ತಾಯ್ನುಡಿಯಲ್ಲದವರು ಬರೆದ 91 ಪ್ರಬಂಧಗಳನ್ನು ಕೊಟ್ಟಾಗ ಸಾಧನಗಳು ಸರಾಸರಿ ಶೇ. 61ರಷ್ಟನ್ನು ಯಂತ್ರದ್ದು ಅಂದವು. 91ರಲ್ಲಿ 18 ಪ್ರಬಂಧಗಳ ಬಗ್ಗೆ ಏಳೂ ಸಾಧನಗಳು ಒಮ್ಮತದಿಂದ ತಪ್ಪು ಹೇಳಿದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳ ಮೇಲೆ ಅವೇ ಸಾಧನಗಳು ಬಹುಮಟ್ಟಿಗೆ ಸರಿಯಾಗಿದ್ದವು. ಆ ಸಾಧನಗಳು ಹೆಚ್ಚಾಗಿ ನೋಡುತ್ತಿದ್ದದ್ದು ನಾನು ಆಗ ಹೇಳಿದ ಪರ್ಪ್ಲೆಕ್ಸಿಟಿಯನ್ನು. ಗೊತ್ತಿರುವ ಪದ ಕಡಿಮೆ ಇದ್ದಾಗ, ತಪ್ಪಾದೀತೆಂಬ ಹೆದರಿಕೆ ಇದ್ದಾಗ, ನಾವು ಸುರಕ್ಷಿತ ಪದವನ್ನೇ ಹಿಡಿಯುತ್ತೇವೆ. ಅಚ್ಚರಿ ತಾನಾಗಿ ಕಡಿಮೆಯಾಗುತ್ತದೆ. ಯಂತ್ರವೂ ತುಳಿದ ದಾರಿಯನ್ನೇ ಹಿಡಿಯುತ್ತದೆ, ಕಾರಣ ಮಾತ್ರ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಈಗ ಆ ಹುಡುಗಿಯ ವಿಷಯ. ಅಂಕ ತಡೆಹಿಡಿದು ಹದಿನೈದು ದಿನವಾದ ಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಸರ್, ನನ್ನ ಮಾರ್ಕ್ಸ್ ಹಾಕಿಲ್ಲ" ಅಂದಳು. ನಾನು ನೇರವಾಗಿ, "ಇದನ್ನ ಯಾರು ಬರೆದಿದ್ದಮ್ಮ?" ಅಂದೆ. ಮುಖ ಸಪ್ಪಗಾಯಿತು. ಏನೂ ಹೇಳದೆ ಹೋದಳು. ಒಪ್ಪಿಕೊಂಡ ಹಾಗೆ ಎಂದೇ ನಾನು ತಿಳಿದೆ. ಮಾರನೇ ದಿನ ಒಂದು ಲಾಂಗ್ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು.

ಎಡಗಡೆ ಪುಟದಲ್ಲಿ ಕನ್ನಡ, ಬಲಗಡೆ ಇಂಗ್ಲಿಷ್. ಇಡೀ ವರದಿಯನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದಿದ್ದಾಳೆ. ಕನ್ನಡದ ಪುಟದಲ್ಲಿ ಅವಳ ವಾಕ್ಯಗಳು ಉದ್ದಕ್ಕೂ ಹರಿದಿವೆ. ಡೇರಿಗೆ ಹಾಲು ಹಾಕಲು ಬೆಳಗಿನ ಜಾವ ಕ್ಯೂ ನಿಲ್ಲುವ ಅವಳ ಅಮ್ಮ, ಫ್ಯಾಟ್ ಕಡಿಮೆ ಬಂದ ದಿನ ಆಗುವ ವಾದ, ಎಲ್ಲ ಅಲ್ಲಿದೆ. ಬಲಪುಟಕ್ಕೆ ಬರುವಾಗ ಆ ಉದ್ದದ ವಾಕ್ಯವೊಂದು ಮೂರಾಗಿ, ನಾಲ್ಕಾಗಿ ತುಂಡಾಗಿದೆ. "ಯಾಕಮ್ಮ ಹೀಗೆ ಕತ್ತರಿಸಿದೆ?" ಅಂದೆ. "ಪಿಯುಸೀಲಿ ನಮ್ಮ ಇಂಗ್ಲಿಷ್ ಮೇಡಂ ಹೇಳಿದ್ರು ಸರ್, ಹದಿನೈದು ಪದ ದಾಟಬೇಡಿ, ದಾಟಿದ್ರೆ ಗ್ರಾಮರ್ ತಪ್ಪುತ್ತೆ ಅಂತ." ನೋಟ್‌ಬುಕ್ಕಿನ ಒಳರಟ್ಟಿಗೆ ಒಂದು ಚೀಟಿ ಅಂಟಿಸಿತ್ತು. ಹದಿನಾಲ್ಕು ಕೊಂಡಿಪದಗಳ ಪಟ್ಟಿ, ಪಕ್ಕದಲ್ಲಿ ಕನ್ನಡದ ಅರ್ಥ. ಎಲ್ಲಿ ಬಳಸಬೇಕೆಂಬ ಧೈರ್ಯ ಇದ್ದದ್ದು 'ಮೋರೋವರ್' ಒಂದರ ಬಗ್ಗೆ ಮಾತ್ರ. ಹಾಗಾಗಿ ಹನ್ನೊಂದು ಸಲ ಅದೇ.

ನಾನು ಅಳೆದ ಎರಡೂ ಸಂಖ್ಯೆಗಳು ಸರಿಯಾಗಿದ್ದವು. ಹನ್ನೆರಡರಿಂದ ಹದಿನೈದು ಪದ, ಹನ್ನೊಂದು 'ಮೋರೋವರ್'. ಅವಕ್ಕೆ ಕಾರಣವೂ ಇತ್ತು. ಆ ಕಾರಣ ಒಬ್ಬ ಒಳ್ಳೆಯ ಶಿಕ್ಷಕಿಯ ಒಳ್ಳೆಯ ಸಲಹೆಯಾಗಿತ್ತು. ಅವಳ ಕ್ಷಮೆ ಕೇಳಿ ಅಂಕ ಹಾಕಿದೆ. ಆ ಹದಿನೈದು ದಿನ ಅವಳು ಮನೆಯಲ್ಲಿ ಏನು ಹೇಳಿಕೊಂಡಳೋ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇದಾದ ಮೇಲೆ ಎಣಿಸುವುದನ್ನು ನಾನು ಬಿಟ್ಟಿಲ್ಲ. ಕಿವಿಗೆ ಏನೋ ತಟ್ಟಿದರೆ ಈಗಲೂ ಪೆನ್ಸಿಲ್ ತೆಗೆಯುತ್ತೇನೆ. ಎಣಿಸಿದ ಮೇಲೆ ಮಾಡುವ ಕೆಲಸ ಬೇರೆಯಾಗಿದೆ. ಅಂಕಕ್ಕೆ ಕೈ ಹಾಕುವುದಿಲ್ಲ. ವಿದ್ಯಾರ್ಥಿಯನ್ನು ಕರೆಯುತ್ತೇನೆ, ಇಪ್ಪತ್ತು ನಿಮಿಷ ಕೂರಿಸಿಕೊಳ್ಳುತ್ತೇನೆ. ಕಚ್ಚಾ ಪ್ರತಿ ಇದ್ದರೆ ತಾ ಅನ್ನುತ್ತೇನೆ. ಗೂಗಲ್ ಡಾಕ್ಸಿನಲ್ಲಿ ಬರೆದಿದ್ದರೆ ತಿದ್ದುಪಡಿಯ ಇತಿಹಾಸವನ್ನು ಅವರ ಎದುರಿಗೇ, ಅವರ ಒಪ್ಪಿಗೆಯಿಂದ ತೆರೆಯುತ್ತೇವೆ. ಅದರಲ್ಲಿ ಒಂದು ಅಧ್ಯಾಯ ಒಂದೇ ಏಟಿಗೆ ಬಂದು ಬಿದ್ದಿದ್ದರೆ ಅದೂ ಪುರಾವೆಯಲ್ಲ, ಯಾಕೆಂದರೆ ಎಷ್ಟೋ ಮಕ್ಕಳು ಬೇರೆಲ್ಲೋ ಟೈಪ್ ಮಾಡಿ ತಂದು ಅಂಟಿಸುತ್ತಾರೆ. ಅದು ಇನ್ನೊಂದು ಪ್ರಶ್ನೆಗೆ ದಾರಿ, ಅಷ್ಟೇ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವರದಿಯೊಳಗಿನ ಸಂಗತಿ. ಈ ಕೋಷ್ಟಕ ಹೇಗೆ ಮಾಡಿದೆ? ಈ ಅಂಗಡಿಗೆ ಯಾವ ದಿನ ಹೋಗಿದ್ದೆ? ಈ ಪದದ ಅರ್ಥ ನಿನ್ನ ಮಾತಿನಲ್ಲಿ ಹೇಳು. ಬರೆದವರಿಗೆ ಇವಕ್ಕೆ ಉತ್ತರ ಇರುತ್ತದೆ, ತಡವರಿಸಿಯಾದರೂ ಹೇಳುತ್ತಾರೆ. ಹೆದರಿದ ಮಗು ಮೊದಲ ಐದು ನಿಮಿಷ ಏನೂ ಹೇಳದಿರಬಹುದು, ಅದಕ್ಕೇ ಇಪ್ಪತ್ತು ನಿಮಿಷ. ಕನ್ನಡದಲ್ಲೇ ಹೇಳು ಅಂದರೆ ಬಹಳ ಮಕ್ಕಳ ಬಾಯಿ ಬಿಚ್ಚುತ್ತದೆ.

ಕಳೆದ ವರ್ಷ ಹೀಗೇ ಒಬ್ಬ ಹುಡುಗನನ್ನು ಕರೆದೆ. ಕಿರಾಣಿ ಅಂಗಡಿಗಳಲ್ಲಿ ಯುಪಿಐ ಬಳಕೆ ಎಂಬ ವರದಿ. ವಾಕ್ಯಗಳು ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು, ಪ್ರತಿ ಪ್ಯಾರಾದಲ್ಲೂ 'ಫರ್ದರ್‌ಮೋರ್'. ಕೋಷ್ಟಕದಲ್ಲಿ ಐವತ್ತು ಅಂಗಡಿಗಳ ಲೆಕ್ಕ ಇತ್ತು, ವಿಶ್ಲೇಷಣೆಯಲ್ಲಿ ನೂರ ಇಪ್ಪತ್ತು ಅಂಗಡಿಗಳ ಮಾತು. "ಉಳಿದ ಎಪ್ಪತ್ತು ಅಂಗಡಿ ಎಲ್ಲಪ್ಪ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಿಜ ಹೇಳಿದ. ಎಐಯಿಂದ ಬರೆಸಿದ್ದಾನೆ ಎಂದು ನಾನು ಕರೆಸಿದ್ದು. ಅವನು ಹಾಗೆ ಮಾಡಿರಲಿಲ್ಲ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬೇರೆ ಊರಿನ ಸೀನಿಯರ್ ಒಬ್ಬನ ಹಳೆಯ ವರದಿ ಮುನ್ನೂರು ರೂಪಾಯಿಗೆ ಸಿಕ್ಕಿತ್ತು, ಅದರಲ್ಲಿ ಕೋಷ್ಟಕ ಒಂದನ್ನು ಮಾತ್ರ ತನ್ನದು ಹಾಕಿ, ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದ. ಆ ಹಳೆಯ ಪ್ರತಿಯನ್ನೂ ತಂದು ತೋರಿಸಿದ. ಮುಖಪುಟದ ಮೇಲೆ ಇಸವಿ ಇತ್ತು, 2019. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರಿನಲ್ಲಿ.